ಚಾಲೂ ಆಗದ ಇಂಜಿನಿಗೆ ನಾಲ್ಕು ಪ್ರಶ್ನೆಗಳು

ಮೋಟಾರು ಯಂತ್ರಗಳ ಕೆಲಸವನ್ನು ಕಲಿಯಲು ಬರುವ ವಿದ್ಯಾರ್ಥಿಗಳಿಗೆ ನಾವು ವರುಷದ ಆರಂಭದಲ್ಲಿಯೇ ಹೇಳುವ ಒಂದು ಪಾಠವುಂಟು. ಅದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಲಿಕ್ಕೆ ಕಾರಣವೇನಂದರೆ, ಸ್ಕೂಟರಾಗಲಿ, ನೀರೆತ್ತುವ ಪಂಪಾಗಲಿ, ಕಳೆ ಕೊಯ್ಯುವ ಯಂತ್ರವಾಗಲಿ ಇಲ್ಲದ ಮನೆ ಈಗ ಅಪರೂಪ. ಅದು ಚಾಲೂ ಆಗದೆ ನಿಂತ ದಿನ ಪ್ಲಗ್ಗು ಹೋಗಿದೆ ಎಂದು ಒಬ್ಬನು, ಕಾರ್ಬೊರೇಟರು ಕೆಟ್ಟಿದೆ ಎಂದು ಮತ್ತೊಬ್ಬನು ಹೇಳುತ್ತಾರೆ. ಎರಡಕ್ಕೂ ಹಣ ತೆರುವವರು ಮನೆಯವರು. ಹೀಗೆ ಎರಡು ಸಾರಿ ಹಣ ತೆತ್ತು, ಮೂರನೆಯ ಸಾರಿ ನಮ್ಮ ತರಗತಿಗೆ ಬಂದ ಒಂದು ಪಂಪಿನ ಕಥೆಯೇ ಈ ಪಾಠದ ಮುಖ್ಯ ಭಾಗವಾಗಿದೆ. ಆದರೆ ಕಥೆಗೆ ಮುಂಚೆ ಸ್ವಲ್ಪ ವಿವರಣೆ ಬೇಕು.

ಪೆಟ್ರೋಲ್ ಇಂಜಿನೆಂಬದು ಬಹಳ ವೇಗವಾಗಿ ಹೊತ್ತಿಸಿ ಆರಿಸಲ್ಪಡುವ ಒಂದು ಒಲೆ. ಒಲೆಗೆ ಸೌದೆ ಬೇಕು, ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಇಂಜಿನಿಗೂ ಈ ಮೂರು ಬೇಕು. ಇದಲ್ಲದೆ ಒಲೆಗೆ ಬೇಡವಾದ ನಾಲ್ಕನೆಯದೊಂದು ಬೇಕು. ಅದೇನಂದರೆ, ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಕಿಡಿ ಬೀಳುವ ಮೊದಲೇ ಒಂದು ಇಕ್ಕಟ್ಟಿನ ಮೂಲೆಗೆ ಒತ್ತಿ ಅದುಮುವದು. ಕೆಲಸಗಾರರು ಇದನ್ನು ಕಂಪ್ರೆಶನ್ ಎನ್ನುತ್ತಾರೆ. ಸಿಲಿಂಡರೆಂಬ ಲೋಹದ ಕೊಳವೆಯೊಳಗೆ ಪಿಸ್ಟನು ಕೆಳಗಿಳಿಯುವಾಗ ಗಾಳಿಯೂ ಆವಿಯೂ ಒಳಗೆ ಹೀರಲ್ಪಡುತ್ತವೆ. ಮೇಲೇರುವಾಗ ಎಂಟೊಂಬತ್ತು ಪಾಲಿನ ಜಾಗದಲ್ಲಿದ್ದದ್ದು ಒಂದು ಪಾಲಿಗೆ ಅದುಮಲ್ಪಡುತ್ತದೆ. ಪಿಸ್ಟನು ಮೇಲ್ತುದಿಗೆ ಇನ್ನೇನು ಮುಟ್ಟಬೇಕು ಎಂಬಷ್ಟರಲ್ಲಿ ಕಿಡಿ ಹಾರಿ ಉರಿ ಹತ್ತುತ್ತದೆ. ಆ ಉರಿಯು ಪಿಸ್ಟನನ್ನು ಕೆಳಕ್ಕೆ ನೂಕುತ್ತದೆ. ಮತ್ತೊಮ್ಮೆ ಅದು ಮೇಲೇರುವಾಗ ಉರಿದ ಹೊಗೆ ಹೊರಕ್ಕೆ ಊದಲ್ಪಡುತ್ತದೆ. ಹೀರುವದು, ಅದುಮುವದು, ಉರಿಯುವದು, ಊದುವದು, ಇವೇ ನಾಲ್ಕು ನಡೆಗಳು.

ಅದುಮುವಿಕೆ ಅಷ್ಟು ಅವಶ್ಯವೋ ಎಂದು ವಿದ್ಯಾರ್ಥಿಗಳು ಯಾವಾಗಲೂ ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಅದು. 1860ರಲ್ಲಿ ಪ್ಯಾರಿಸಿನಲ್ಲಿ ಲೆನ್ವಾರ್ ಎಂಬವನು ಮಾಡಿದ ಇಂಜಿನಿನಲ್ಲಿ ಗಾಳಿ, ಅನಿಲ, ವಿದ್ಯುತ್ತಿನ ಕಿಡಿ ಎಲ್ಲವೂ ಇದ್ದವು, ಅದುಮುವಿಕೆ ಮಾತ್ರ ಇರಲಿಲ್ಲ. ಅದು ಓಡಿತು, ಆದರೆ ಅನಿಲವನ್ನು ವಿಪರೀತವಾಗಿ ನುಂಗಿ ಕೊಂಚವೇ ಕೆಲಸ ಮಾಡಿತು. 1876ರಲ್ಲಿ ಜರ್ಮನಿಯ ಓಟೋ ಎಂಬವನು ಮೊದಲು ಅದುಮಿ ಆ ಮೇಲೆ ಹೊತ್ತಿಸುವ ಇಂಜಿನನ್ನು ಮಾಡಿದ ತರುವಾಯವೇ ಈ ಯಂತ್ರಕ್ಕೆ ಬಲ ಬಂತು. ಇಂದಿನ ಇಂಜಿನುಗಳೆಲ್ಲ ಅದುಮುವಿಕೆಯನ್ನು ನಂಬಿ ಕಟ್ಟಲ್ಪಟ್ಟವುಗಳಾದ್ದರಿಂದ, ಅದು ಸೋರಿಹೋದರೆ ಉಳಿದ ಮೂರೂ ಇದ್ದು ಪ್ರಯೋಜನವಿಲ್ಲ.

ಆದಕಾರಣ ನಾವು ಕರೀಹಲಗೆಯ ಮೇಲೆ ಮೂರು ಗೆರೆ ಎಳೆದು ನಾಲ್ಕು ಅಂಕಣ ಮಾಡಿ, ಗಾಳಿ, ಇಂಧನ, ಕಿಡಿ, ಅದುಮು ಎಂದು ಬರೆಯುತ್ತೇವೆ. ಇಂಜಿನು ಚಾಲೂ ಆಗದಿದ್ದರೆ ತಪ್ಪು ಈ ನಾಲ್ಕರಲ್ಲಿ ಒಂದರೊಳಗೆ ಇದ್ದೇ ಇರಬೇಕು. ಆದರೆ ಇಷ್ಟು ಹೇಳಿದ ಮಾತ್ರಕ್ಕೆ ಪಾಠ ಮುಗಿಯದು. ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿದ ಹುಡುಗರು ಇಂಜಿನಿನ ಮುಂದೆ ನಿಂತಾಗ ಆ ಹೆಸರುಗಳನ್ನು ಮರೆತು, ಕೈಗೆ ಸಿಕ್ಕ ಸ್ಪ್ಯಾನರು ಹಿಡಿದು ಕಣ್ಣಿಗೆ ಬಿದ್ದ ಮೊದಲನೆಯ ತಿರುಪನ್ನು ಬಿಚ್ಚಲು ತೊಡಗುವದನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ. ಅದಕ್ಕಾಗಿ ನಮ್ಮ ತರಗತಿಯಲ್ಲಿ ಒಂದು ಕಟ್ಟಳೆಯುಂಟು: ಪ್ರತಿಯೊಂದು ಅಂಕಣದ ಕೆಳಗೆ “ಇದೆ” ಅಥವಾ “ಇಲ್ಲ” ಎಂದು ಬರೆಯುವ ಮುಂಚೆ, ಅದನ್ನು ಯಾವ ಸಾಕ್ಷಿಯಿಂದ ತಿಳಿದಿರಿ ಎಂಬದನ್ನೂ ಪಕ್ಕದಲ್ಲಿ ಬರೆಯತಕ್ಕದ್ದು. “ಇರಬೇಕು” ಎಂಬ ಮಾತಿಗೆ ಹಲಗೆಯ ಮೇಲೆ ಸ್ಥಳವಿಲ್ಲ.

ಈಗ ಪಂಪಿನ ಕಥೆ. ಕಳೆದ ಡಿಸೆಂಬರದಲ್ಲಿ ಮಲೆನಾಡಿನ ಕಡೆಯ ಒಬ್ಬ ಅಡಿಕೆ ತೋಟದ ಯಜಮಾನರು ಒಂದು ಚಿಕ್ಕ ನೀರೆತ್ತುವ ಪಂಪನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಒಂದೇ ಸಿಲಿಂಡರಿನ, ಹಗ್ಗ ಎಳೆದು ಚಾಲೂ ಮಾಡುವ ಪೆಟ್ರೋಲ್ ಇಂಜಿನು. ಮೇ ತಿಂಗಳ ಕೊನೆಯ ವರೆಗೆ ಚೆನ್ನಾಗಿ ಓಡುತ್ತಿದ್ದದ್ದನ್ನು ಮಳೆ ಹಿಡಿದೊಡನೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರು. ಮಳೆಗಾಲ ಕಳೆದು, ಹೊಸದಾಗಿ ನೆಟ್ಟ ಸಸಿಗಳಿಗೆ ಹಳ್ಳದಿಂದ ನೀರು ಎತ್ತೋಣವೆಂದು ತೆಗೆದರೆ ಅದು ಚಾಲೂ ಆಗಲೊಲ್ಲದು. ಊರಿನಲ್ಲಿ ರಿಪೇರಿ ಮಾಡುವವನೊಬ್ಬನು ಮೊದಲು ಪ್ಲಗ್ಗು ಬದಲಾಯಿಸಿದನು, ಆ ಮೇಲೆ ಕಾರ್ಬೊರೇಟರನ್ನೇ ಹೊಸದು ಹಾಕಿದನು, ಕಡೆಗೆ ಇಂಜಿನೇ ಸವೆದುಹೋಗಿದೆ ಎಂದುಬಿಟ್ಟನು. “ಅಮ್ಮಾ, ಇದರ ಹಣೆಬರಹ ನೋಡಿ ಒಂದು ಮಾತು ಹೇಳಿಬಿಡಿ. ಹೊಸದು ಕೊಳ್ಳುವದಾದರೆ ಈ ವರುಷ ಸಾಲ ಮಾಡಬೇಕು, ಬಿಟ್ಟರೆ ಸಸಿ ಒಣಗುತ್ತವೆ,” ಎಂದರು. ತೆಗೆದು ಹಾಕಿದ ಹಳೆಯ ಪ್ಲಗ್ಗನ್ನೂ ಹಳೆಯ ಕಾರ್ಬೊರೇಟರನ್ನೂ ಅವರು ಒಂದು ಚೀಲದಲ್ಲಿ ಕಟ್ಟಿ ತಂದಿದ್ದು ನಮಗೆ ತುಂಬಾ ಉಪಯೋಗವಾಯಿತು.

ಇಂಜಿನನ್ನು ಮುಟ್ಟುವ ಮೊದಲು ಕೇಳತಕ್ಕ ಪ್ರಶ್ನೆಗಳು ಎರಡು. ಅದು ತಿರುಗುತ್ತದೋ? ನಿಲ್ಲುವಾಗ ಹೇಗೆ ನಿಂತಿತು? ತಿರುಗದೇ ಇದ್ದರೆ ನಮ್ಮ ನಾಲ್ಕು ಅಂಕಣಗಳಿಗೆ ಕೆಲಸವೇ ಇಲ್ಲ. ಕಾರಿನಲ್ಲಿ ಬೀಗದ ಕೈ ತಿರುವಿದಾಗ “ಟಕ್” ಎಂದು ಸುಮ್ಮನಾಗುವದು ಬ್ಯಾಟರಿಯ ಇಲ್ಲವೆ ಸ್ಟಾರ್ಟರಿನ ರೋಗವೇ ಹೊರತು ಇಂಜಿನಿನದಲ್ಲ. ಈ ಪಂಪು ತಿರುಗುತ್ತಿತ್ತು. ಎರಡನೆಯ ಪ್ರಶ್ನೆಗೆ ಯಜಮಾನರ ಉತ್ತರವು, “ಓಡುತ್ತಿದ್ದದ್ದನ್ನು ನಾನೇ ನಿಲ್ಲಿಸಿದ್ದು,” ಎಂದಾಗಿತ್ತು. ಇದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು. ಓಡುತ್ತಾ ಇದ್ದಾಗ ಶಬ್ದಮಾಡಿ ನಿಂತ ಇಂಜಿನಿನಲ್ಲಿ ಏನೋ ಮುರಿದಿರುವ ಸಂಭವವುಂಟು. ಕೈಯಾರೆ ನಿಲ್ಲಿಸಿ ಆರು ತಿಂಗಳು ಇಟ್ಟದ್ದರಲ್ಲಿ ಆ ಆರು ತಿಂಗಳು ಏನು ಮಾಡಿದವೆಂಬದನ್ನು ವಿಚಾರಿಸಬೇಕು. “ಸವೆದುಹೋಗಿದೆ” ಎಂಬ ತೀರ್ಪನ್ನು ನಾವು ಆಗಲೇ ಅನುಮಾನಿಸಿದೆವು. ಮೂಲೆಯಲ್ಲಿ ಸುಮ್ಮನೆ ಕೂತ ಇಂಜಿನು ಸವೆಯಲಾರದಷ್ಟೇ.

ನಾಲ್ಕರಲ್ಲಿ ಯಾವದನ್ನು ಮೊದಲು ನೋಡಬೇಕೆಂಬದಕ್ಕೆ ಶಾಸ್ತ್ರವಿಲ್ಲ; ಯಾವದು ಸುಲಭವೋ, ಯಾವದು ಒಂದೇ ಏಟಿಗೆ ಹೆಚ್ಚು ಹೇಳುವದೋ ಅದನ್ನು ನೋಡುವದು. ಆ ಯೋಗ್ಯತೆ ಪ್ಲಗ್ಗಿಗುಂಟು. ಹತ್ತು ಸಾರಿ ಹಗ್ಗ ಎಳೆದು ಪ್ಲಗ್ಗನ್ನು ಬಿಚ್ಚಿದರೆ ಅದರ ತುದಿ ಒಣಗಿದೆಯೋ ಒದ್ದೆಯಾಗಿದೆಯೋ ಎಂಬದು ಕಣ್ಣಿಗೇ ಕಾಣುತ್ತದೆ. ಒಣಗಿದ್ದರೆ ಪೆಟ್ರೋಲು ಒಳಗೆ ಬರುತ್ತಿಲ್ಲ. ಟ್ಯಾಂಕಿಯಿಂದ ಕಾರ್ಬೊರೇಟರಿನ ವರೆಗೆ ದಾರಿ ನೋಡಬೇಕು. ಆಗ ಪ್ಲಗ್ಗಿನ ರಂಧ್ರದೊಳಗೆ ನಾಲ್ಕಾರು ಹನಿ ಪೆಟ್ರೋಲು ಬಿಟ್ಟು, ಪ್ಲಗ್ಗನ್ನು ಬಿಗಿದು, ಚೆಲ್ಲಿದ್ದನ್ನು ಒರಸಿ ಎಳೆದರೆ, ಇಂಜಿನು ಒಂದೆರಡು ಕ್ಷಣ ಓಡಿ ನಿಲ್ಲಬಹುದು. ಹಾಗೆ ಓಡಿದರೆ ಕಿಡಿಯೂ ಅದುಮೂ ಸರಿಯಾಗಿವೆ, ಕೊರತೆಯಾಗಿರುವದು ಇಂಧನವೇ ಎಂದು ಒಂದೇ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಉರಿಯುತ್ತಿಲ್ಲ. ಯಾಕೆ ಉರಿಯುತ್ತಿಲ್ಲವೆಂಬದೇ ಮುಂದಿನ ಪ್ರಶ್ನೆ.

ಈ ಪಂಪಿನ ಪ್ಲಗ್ಗು ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು.

“ಕಿಡಿ ಇಲ್ಲ, ಮೇಡಂ,” ಎಂದಳು ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ. ಅವಳ ಊಹೆಯಲ್ಲಿ ತಪ್ಪಿರಲಿಲ್ಲ. ಆದರೆ ಊಹೆಯನ್ನು ಅಂಕಣದಲ್ಲಿ ಬರೆಯುವ ಹಾಗಿಲ್ಲವಷ್ಟೆ. ಪರೀಕ್ಷೆ ಮಾಡಿಸಿದೆವು. ಹಳೆಯ ಪ್ಲಗ್ಗನ್ನು ಸಿಲಿಂಡರಿನ ರಂಧ್ರಕ್ಕೆ ಬಿಗಿದು ಬಾಯಿ ಮುಚ್ಚಿದೆವು, ಯಾಕಂದರೆ ತೆರೆದ ರಂಧ್ರದಿಂದ ಹಾರುವ ಪೆಟ್ರೋಲಿನ ಆವಿಗೆ ಕಿಡಿ ತಗಲಿದರೆ ಮುಖ ಸುಡುವದು. ಹೊಸ ಪ್ಲಗ್ಗನ್ನು ಒಣಗಿಸಿ, ತಂತಿಯ ಟೋಪಿಯೊಳಗೆ ಸೇರಿಸಿ, ರಬ್ಬರು ಹಿಡಿಯ ಇಕ್ಕಳದಿಂದ ಇಂಜಿನಿನ ಬರೇ ಲೋಹಕ್ಕೆ ಒತ್ತಿ ಹಿಡಿದು ಹಗ್ಗ ಎಳೆಸಿದೆವು. ನೀಲಿ ಬಣ್ಣದ, ಚುರುಕಾದ ಕಿಡಿ ಟಕಟಕನೆ ಹಾರಿತು.

ಇಲ್ಲಿ ಒಂದು ಮೋಸವಿದೆ. ಬಯಲಿನಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗೂ ಹಾರುವದೆಂದು ನಂಬುವ ಹಾಗಿಲ್ಲ. ಅದುಮಿದ ಗಾಳಿಯನ್ನು ಸೀಳಿ ಹಾರಲಿಕ್ಕೆ ಕಿಡಿಗೆ ಹೆಚ್ಚು ಬಲ ಬೇಕು. ಪ್ಲಗ್ಗಿನ ಬಾಯಲ್ಲಿರುವ ಸಂದು ಇಂಥ ಇಂಜಿನುಗಳಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟೇ. ಅದನ್ನು ಬಯಲಿನಲ್ಲಿ ದುರ್ಬಲವಾದ ಕಾಯಿಲು ಸಹ ದಾಟಿಸೀತು. ಅದಕ್ಕೇ ನಾವು ಐದಾರು ಮಿಲಿಮೀಟರು ಸಂದು ಬಿಟ್ಟ ಪರೀಕ್ಷಾ ಪ್ಲಗ್ಗೊಂದನ್ನು ಇಟ್ಟುಕೊಂಡಿದ್ದೇವೆ. ಅದನ್ನೂ ದಾಟಿದ ಕಿಡಿಯನ್ನು ನಂಬಬಹುದು. ಈ ಪಂಪಿನ ಕಿಡಿ ಅದನ್ನೂ ದಾಟಿತು. ಕಿಡಿಯ ಅಂಕಣದಲ್ಲಿ “ಇದೆ” ಎಂದು ಬರೆದು, ಪಕ್ಕದಲ್ಲಿ ಸಾಕ್ಷಿಯನ್ನೂ ಬರೆದೆವು.

ಒಂದು ವೇಳೆ ಕಿಡಿ ಬಾರದೇ ಇದ್ದಿದ್ದರೆ ಕಾಯಿಲು ಕೊಳ್ಳಲು ಅಂಗಡಿಗೆ ಓಡಬೇಕಾಗಿರಲಿಲ್ಲ. ಇಂಥ ಅನೇಕ ಪಂಪುಗಳಲ್ಲಿ ಎಣ್ಣೆ ಕಡಮೆಯಾದರೆ ಕಿಡಿಯನ್ನೇ ನಿಲ್ಲಿಸುವ ಒಂದು ಕಾವಲು ಸ್ವಿಚ್ಚು ಇರುತ್ತದೆ. ಎಣ್ಣೆ ತುಂಬಿದರೆ ಕಿಡಿ ತಾನೇ ಮರಳುತ್ತದೆ. ಪಾವು ಎಣ್ಣೆಯಿಂದ ಹೋಗುವ ರೋಗಕ್ಕೆ ಕಾಯಿಲಿನ ಕ್ರಯ ತೆತ್ತವರನ್ನು ನಾವು ಕಂಡಿದ್ದೇವೆ.

ಮುಂದೆ ಅದುಮುವಿಕೆ. ಪ್ಲಗ್ಗಿನ ರಂಧ್ರವನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ತಂತಿಯ ಟೋಪಿಯನ್ನು ಇಂಜಿನಿನ ಲೋಹಕ್ಕೆ ಸೇರಿಸಿಟ್ಟು ಹಗ್ಗ ಎಳೆದರೆ, ಒಳಗಿನ ಗಾಳಿ ಬೆರಳನ್ನು “ಫಟ್” ಎಂದು ಹೊರಕ್ಕೆ ತಳ್ಳಬೇಕು. ತಳ್ಳಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಗೇಜು ಹಚ್ಚಿ ಸಂಖ್ಯೆ ಹೇಳಬೇಕೆಂದು ಪಟ್ಟು ಹಿಡಿದನು. ಅವನ ಹಟ ಒಳ್ಳೆಯದೇ, ಆದರೆ ಈ ಜಾತಿಯ ಇಂಜಿನಿಗೆ ಒಂದು ಗುಟ್ಟಿದೆ. ಹಗ್ಗ ಎಳೆಯುವವರ ಕೈಗೆ ಹಗುರಾಗಲೆಂದು, ನಿಧಾನವಾಗಿ ತಿರುಗುವಾಗ ಹೊಗೆಯ ವಾಲ್ವನ್ನು ತುಸುವೇ ಎತ್ತಿ ಹಿಡಿಯುವ ಒಂದು ಚಿಕ್ಕ ಕೊಕ್ಕೆಯನ್ನು ಒಳಗೆ ಇಟ್ಟಿರುತ್ತಾರೆ. ವೇಗ ಬಂದ ಮೇಲೆ ಅದು ತಾನೇ ಹಿಂದಕ್ಕೆ ಸರಿಯುತ್ತದೆ. ಹೀಗಿರುವಲ್ಲಿ ಆರೋಗ್ಯವಾದ ಇಂಜಿನು ಕೂಡಾ ಗೇಜಿನಲ್ಲಿ ಕಡಮೆ ಸಂಖ್ಯೆಯನ್ನೇ ತೋರಿಸುತ್ತದೆ. ಊರಿನ ರಿಪೇರಿಯವನು “ಸವೆದಿದೆ” ಎಂದದ್ದು ಬಹುಶಃ ಈ ಸಂಖ್ಯೆಯನ್ನು ನೋಡಿಯೇ ಇರಬೇಕು. ಸಂಖ್ಯೆ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆ ಬೇರೆ, ಅದು ಉತ್ತರ ಕೊಟ್ಟ ಪ್ರಶ್ನೆ ಬೇರೆ.

ಇಂಧನವು ಬರುತ್ತಿದೆಯೆಂದು ಒದ್ದೆಯಾದ ಪ್ಲಗ್ಗೇ ಹೇಳಿತ್ತು. ಆದರೆ ಬರುತ್ತಿರುವದು ಎಂಥ ಇಂಧನ? ಕಾರ್ಬೊರೇಟರಿನ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ಒಂದು ಗಾಜಿನ ಲೋಟದಲ್ಲಿ ಹಿಡಿದೆವು. ಹಳೆಯ ಪೆಟ್ರೋಲಿಗೆ ವಾರ್ನಿಷಿನಂಥ ಹುಳಿ ನಾತವಿರುತ್ತದೆ. ನೀರು ಸೇರಿದ್ದರೆ ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ಲೋಟದ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಎಂಬ ಮದ್ಯಸಾರವನ್ನು ಬೆರಸುತ್ತಾರೆ. ಅದಕ್ಕೆ ನೀರನ್ನು ಹೀರಿಕೊಳ್ಳುವ ಗುಣವಿರುವದರಿಂದ, ಮಳೆಗಾಲವಿಡೀ ಟ್ಯಾಂಕಿಯಲ್ಲಿ ನಿಂತ ಪೆಟ್ರೋಲನ್ನು ಅನುಮಾನಿಸುವದು ನ್ಯಾಯವೇ. ಯಜಮಾನರು ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿದ್ದರು. ಲೋಟದಲ್ಲಿದ್ದದ್ದು ತಿಳಿಯಾಗಿಯೂ ಒಂದೇ ಪದರವಾಗಿಯೂ ಇತ್ತು.

ಉಳಿದದ್ದು ಗಾಳಿ. ಏರ್ ಫಿಲ್ಟರಿನ ಮುಚ್ಚಳ ತೆಗೆಸಿದೆವು. ಇಲಿ ಗೂಡು ಮಾಡಿದ್ದರೆ ಇಲ್ಲಿಯೇ ಮಾಡಿರಬೇಕು. ಆದರೆ ಸ್ಪಂಜು ಸ್ವಚ್ಛವಾಗಿತ್ತು. ಅದನ್ನು ಪೂರಾ ತೆಗೆದಿಟ್ಟು ಎಳೆದರೂ ಇಂಜಿನು ಚಾಲೂ ಆಗಲಿಲ್ಲ. ಚೋಕನ್ನು ತೆರೆದೂ ಎಳೆದೆವು, ಮುಚ್ಚಿಯೂ ಎಳೆದೆವು, ಫಲ ಒಂದೇ. ತರಗತಿಯಲ್ಲಿ ಗದ್ದಲವೆದ್ದಿತು. ನಾಲ್ಕು ಅಂಕಣಗಳಲ್ಲಿಯೂ “ಇದೆ” ಎಂದು ಬರೆದಾಯಿತು, ಇಂಜಿನು ಮಾತ್ರ ಸುಮ್ಮನಿದೆ! “ಹಾಗಾದರೆ ನಾಲ್ಕೇ ಅಲ್ಲ, ಐದನೆಯದು ಏನೋ ಇರಬೇಕು,” ಎಂದನು ಹಿಂದಿನ ಬೆಂಚಿನವನು.

ಈ ಘಟ್ಟದಲ್ಲಿ ಸಾಮಾನುಗಳನ್ನು ಬದಲಾಯಿಸುವ ಆತುರ ಹುಟ್ಟುವದು ಸಹಜ. ಅದರ ಬದಲಿಗೆ ನಾವು ಇಲ್ಲಿಯ ವರೆಗೆ ಕಂಡದ್ದನ್ನೆಲ್ಲ ತಿರಿಗಿ ಹೇಳಿರೆಂದು ವಿದ್ಯಾರ್ಥಿಗಳನ್ನು ಕೇಳಿದೆವು. ಆಗ, ಮುಖ್ಯವಲ್ಲವೆಂದು ಯಾರೂ ಹಲಗೆಯ ಮೇಲೆ ಬರೆಯದೆ ಇದ್ದ ಎರಡು ಸಂಗತಿಗಳು ಹೊರಬಂದವು. ಹಗ್ಗ ಎಳೆದ ಹುಡುಗನು, “ಮೇಡಂ, ಪ್ಲಗ್ಗು ಬಿಚ್ಚಿ ಹಾಕಿದ ಮೇಲೆ ಪ್ರತಿ ಸಾರಿಯೂ ಮೊದಲನೆಯ ಎಳೆತಕ್ಕೆ ಒಂದೇ ಒಂದು ಸಾರಿ ಕೆಮ್ಮುತ್ತದೆ. ಆ ಮೇಲೆ ಎಷ್ಟು ಎಳೆದರೂ ಇಲ್ಲ,” ಎಂದನು. ಸ್ಪಂಜು ತೆಗೆದ ಹುಡುಗಿ, “ಸ್ಪಂಜಿನ ಒಳಮೈ ಪೆಟ್ರೋಲಿನಿಂದ ತೇವವಾಗಿತ್ತು,” ಎಂದಳು. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಪೆಟ್ರೋಲಿನ ತೇವ ಹೇಗೆ ಬಂತು? ಒಳಗೆ ಹೋದದ್ದು ಅದೇ ಬಾಗಿಲಿನಿಂದ ಹಿಂದಕ್ಕೆ ಉಗುಳಲ್ಪಟ್ಟಿದ್ದರೆ ಮಾತ್ರ ಬರಲು ಸಾಧ್ಯ.

ಹಿಂದಕ್ಕೆ ಉಗುಳುವದಕ್ಕೆ ಕಾರಣಗಳು ಹಲವಾರಿಲ್ಲ. ಹೀರುವ ವಾಲ್ವು ಸರಿಯಾಗಿ ಮುಚ್ಚದಿರಬಹುದು. ಆದರೆ ಹಾಗಿದ್ದಲ್ಲಿ ಹೆಬ್ಬೆರಳನ್ನು ತಳ್ಳುವಷ್ಟು ಅದುಮು ಇರುತ್ತಿರಲಿಲ್ಲ. ಕಿಡಿ ಹೊತ್ತು ತಪ್ಪಿ ಬೀಳುತ್ತಿರಬಹುದು. ಫ್ಲೈವೀಲನ್ನು ಅಚ್ಚಿನ ಮೇಲೆ ಹಿಡಿದಿಡುವ ಒಂದು ಚಿಕ್ಕ ಬೆಣೆ ಕತ್ತರಿಸಿದರೆ ಹಾಗಾಗುವದು; ಕಿಡಿ ಇರುತ್ತದೆ, ಆದರೆ ಅದರ ಹೊತ್ತಿಗೆ ಅಲ್ಲ. ನಾಲ್ಕೂ ಇದ್ದು ಚಾಲೂ ಆಗದ ಇಂಜಿನಿನಲ್ಲಿ ನಾವು ಮೊದಲು ಅನುಮಾನಿಸುವದು ಇದನ್ನೇ. ಆದಕಾರಣ ಕಿಡಿಯ ಅಂಕಣದಲ್ಲಿ “ಹೊತ್ತಿಗೆ ಸರಿಯಾಗಿ” ಎಂಬ ಮಾತನ್ನೂ ಸೇರಿಸಬೇಕು. ಆದರೆ ಬೆಣೆ ಕತ್ತರಿಸಿದ ಇಂಜಿನು ಬಹಳ ಸಾರಿ ಹಗ್ಗವನ್ನು ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಇದು ಒಮ್ಮೆಯೂ ಹಾಗೆ ಮಾಡಲಿಲ್ಲ. ಅದಲ್ಲದೆ ಮೊದಲನೆಯ ಕೆಮ್ಮು ಒಳ್ಳೇ ಬಲವಾದ, ತುಂಬಿದ ಕೆಮ್ಮೆಂದು ಹುಡುಗನು ಹೇಳುತ್ತಿದ್ದನು. ಹೊತ್ತು ತಪ್ಪಿದ ಕಿಡಿ ಮೊದಲನೆಯ ಸಾರಿಯೂ ತಪ್ಪಿಯೇ ಇರಬೇಕಲ್ಲವೇ?

ಪ್ಲಗ್ಗು ಬಿಚ್ಚಿ ಹಾಕಿದಾಗ ಮಾತ್ರ ಒಂದು ಸಾರಿ ಕೆಮ್ಮುತ್ತದೆ. ಪ್ಲಗ್ಗು ಬಿಚ್ಚಿ ಹಗ್ಗ ಎಳೆದಾಗ ಸಿಲಿಂಡರಿನೊಳಗೆ ಏನು ಹೋಗುತ್ತದೆ ಎಂದು ಕೇಳಿದೆವು. ತುಸು ಹೊತ್ತು ಯಾರೂ ಮಾತಾಡಲಿಲ್ಲ. ಆ ಮೇಲೆ ಕಿಡಿಯಿಲ್ಲವೆಂದು ಮೊದಲು ಹೇಳಿದ್ದ ಆ ಹುಡುಗಿಯೇ ಎದ್ದು, “ಹೊಸ ಗಾಳಿ ಹೋಗುತ್ತದೆ, ಮೇಡಂ. ಒಂದು ಸಾರಿ ಉರಿಯುತ್ತದೆ. ಆ ಹೊಗೆ ಹೊರಗೆ ಹೋಗದೆ ಒಳಗೇ ಉಳಿದರೆ ಮತ್ತೆ ಗಾಳಿಗೆ ಜಾಗವೆಲ್ಲಿ? ನಮ್ಮ ಮನೆಯ ಬಚ್ಚಲ ಒಲೆಯ ಹೊಗೆಕೊಳವೆಯಲ್ಲಿ ಮಸಿ ಕಟ್ಟಿದಾಗ ಹೊಗೆಯೆಲ್ಲ ಒಲೆಯ ಬಾಯಿಂದಲೇ ಹೊರಗೆ ಬರುತ್ತದೆ,” ಎಂದಳು.

ನಾವು ಗಾಳಿಯ ಅಂಕಣದಲ್ಲಿ “ಇದೆ” ಎಂದು ಬರೆದದ್ದು ಅವಸರದ ಮಾತಾಗಿತ್ತು. ಗಾಳಿಗೆ ಒಂದೇ ಬಾಗಿಲೆಂದು ತಿಳಿದು ಆ ಬಾಗಿಲನ್ನಷ್ಟೇ ನೋಡಿದ್ದೆವು. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರು ಗಾಳಿ ಬೇಕು. ಒಳಗೆ ಬಂದ ಅಷ್ಟೂ ಗಾಳಿ ಹೊಗೆಯಾಗಿ ಹೊರಗೆ ಹೋದರೆ ಮಾತ್ರ ಮುಂದಿನ ಗಾಳಿ ಒಳಗೆ ಬರುವದು.

ಪರೀಕ್ಷೆ ಬಹಳ ಸರಳವಾಗಿತ್ತು. ಒಬ್ಬನು ಹಗ್ಗ ಎಳೆಯುವಾಗ ಇನ್ನೊಬ್ಬನು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದನು. ಬೇರೆ ಇಂಜಿನುಗಳಲ್ಲಿ ಒಂದೊಂದು ಎಳೆತಕ್ಕೂ ಅಂಗೈಗೆ ಉಫ್ ಎಂದು ಊದಿದ ಹಾಗಾಗುತ್ತದೆ. ಇಲ್ಲಿ ಏನೂ ಇಲ್ಲ. ಸೈಲೆನ್ಸರನ್ನು ಹಿಡಿದಿದ್ದ ಎರಡು ನಟ್ಟುಗಳನ್ನು ಬಿಚ್ಚಿ ಅದನ್ನು ಕೆಳಗಿಟ್ಟೆವು. ಪ್ಲಗ್ಗನ್ನು ಮತ್ತೊಮ್ಮೆ ಒರಸಿ ಹಾಕಿ, ಇಂಜಿನನ್ನು ಬಯಲಿಗೆ ತಂದು, ಎಲ್ಲರನ್ನೂ ದೂರ ನಿಲ್ಲಿಸಿ ಎಳೆಸಿದೆವು. ಎರಡನೆಯ ಎಳೆತಕ್ಕೆ ಅದು ಕಿವಿ ಕಿವುಡಾಗುವ ಹಾಗೆ ಗರ್ಜಿಸಿ ಚಾಲೂ ಆಯಿತು. ಜಗಲಿಯಲ್ಲಿ ಕುಳಿತಿದ್ದ ಯಜಮಾನರು ಎದ್ದು ಓಡಿಬಂದರು. ಸೈಲೆನ್ಸರಿಲ್ಲದೆ ಹೆಚ್ಚು ಹೊತ್ತು ಓಡಿಸುವದು ಇಂಜಿನಿಗೂ ಕಿವಿಗೂ ಒಳ್ಳೆಯದಲ್ಲವಾದ್ದರಿಂದ ಕೂಡಲೇ ನಿಲ್ಲಿಸಿದೆವು. ಬಯಲಿಗೆ ತಂದ ಕಾರಣವನ್ನೂ ಹೇಳಬೇಕು: ಇಂಜಿನಿನ ಹೊಗೆಯಲ್ಲಿ ವಾಸನೆಯೂ ಬಣ್ಣವೂ ಇಲ್ಲದ ಒಂದು ವಿಷಾನಿಲ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಇಂಜಿನು ಓಡಿಸಿ ಪ್ರಾಣ ಕಳೆದುಕೊಂಡವರುಂಟು.

ಸೈಲೆನ್ಸರಿನ ಬಾಯೊಳಗೆ ಬೆಳಕು ಹಾಯಿಸಿದಾಗ ಕಂಡದ್ದು ಕಣಜದ ಮಣ್ಣಿನ ಗೂಡು. ಮಳೆಗಾಲದಲ್ಲಿ ಬೆಚ್ಚಗಿನ, ಒಣಗಿದ, ಬೆರಳು ಗಾತ್ರದ ರಂಧ್ರವೆಂದರೆ ಆ ಹುಳಕ್ಕೆ ಅರಮನೆ. ಬೀಗದ ಕಿಂಡಿಯಲ್ಲಿಯೂ ಕೊಳಲಿನಲ್ಲಿಯೂ ಅದು ಗೂಡು ಕಟ್ಟುವದನ್ನು ಮಲೆನಾಡಿನ ಮನೆಗಳಲ್ಲಿ ಯಾರು ನೋಡಿಲ್ಲ? ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ತಂತಿಯಿಂದ ಕೆದಕಿ, ಕುಟ್ಟಿ, ಉದುರಿಸಿದಾಗ ಒಂದು ಹಿಡಿಯಷ್ಟು ಬಂತು.

ಇಷ್ಟೆಲ್ಲ ಆದ ಮೇಲೆ ಹಿಂದಿನ ಬೆಂಚಿನವನ ಐದನೆಯ ಅಂಕಣದ ಮಾತನ್ನು ತರಗತಿ ಮತ್ತೆ ಎತ್ತಿಕೊಂಡಿತು. ಬೇಡವೆಂದು ತೀರ್ಮಾನವಾಯಿತು. ಹೊಗೆ ಹೋಗುವ ದಾರಿ ಗಾಳಿಯ ಅಂಕಣಕ್ಕೇ ಸೇರಿದ್ದು. ಹೊತ್ತು ತಪ್ಪಿದ ಕಿಡಿ ಕಿಡಿಯ ಅಂಕಣಕ್ಕೂ, ನೀರು ಸೇರಿದ ಪೆಟ್ರೋಲು ಇಂಧನದ ಅಂಕಣಕ್ಕೂ ಸೇರಿದವು. ನಾಲ್ಕೂ ಇವೆಯೆಂದು ತೋರಿದಾಗ, ಯಾವ “ಇದೆ”ಯ ಸಾಕ್ಷಿ ಅತಿ ಬಲಹೀನವಾಗಿದೆಯೆಂದು ಹುಡುಕುವದೇ ದಾರಿ. ನಮ್ಮ ಹಲಗೆಯ ಮೇಲೆ ಗಾಳಿಯ ಕೆಳಗೆ ಬರೆದಿದ್ದ ಸಾಕ್ಷಿ “ಸ್ಪಂಜು ಸ್ವಚ್ಛ” ಎಂಬ ಎರಡೇ ಮಾತು. ಉಳಿದ ಮೂರಕ್ಕೂ ನಾವು ಇಂಜಿನನ್ನು ತಿರುಗಿಸಿ ಪರೀಕ್ಷೆ ಮಾಡಿದ್ದೆವು. ಇದಕ್ಕೆ ಮಾತ್ರ ಕಣ್ಣಿನಿಂದ ನೋಡಿ ಬಿಟ್ಟಿದ್ದೆವು.

ಈ ನಾಲ್ಕು ಅಂಕಣಗಳಿಗೆ ಮಿತಿಯಿಲ್ಲವೆಂದಲ್ಲ. ಡೀಸೆಲ್ ಇಂಜಿನಿಗೆ ಕಿಡಿಯೇ ಇಲ್ಲ. ಅಲ್ಲಿ ಗಾಳಿಯನ್ನು ಹದಿನೈದು ಇಪ್ಪತ್ತು ಪಾಲಿನಷ್ಟು ಅದುಮಿ, ಆ ಅದುಮುವಿಕೆಯಿಂದ ಹುಟ್ಟುವ ಕಾವಿನಿಂದಲೇ ಇಂಧನವನ್ನು ಹೊತ್ತಿಸುತ್ತಾರೆ. ಆದ್ದರಿಂದ ಡೀಸೆಲ್ ಪಂಪಿನ ಹಲಗೆಗೆ ಮೂರೇ ಅಂಕಣ. ಆದರೆ ಅದುಮಿನ ಅಂಕಣ ಅಗಲವಾಗಿರಬೇಕು, ಕಿಡಿಯ ಕೆಲಸವನ್ನೂ ಅದೇ ಹೊತ್ತಿದೆ. ಇಂದಿನ ಕಾರುಗಳಲ್ಲಿ ಪೆಟ್ರೋಲನ್ನೂ ಕಿಡಿಯನ್ನೂ ಒಂದು ಕಂಪ್ಯೂಟರು ಆಳುತ್ತದೆ. ಅಲ್ಲಿ ಎರಡು ಅಂಕಣಗಳಲ್ಲಿ ಒಟ್ಟಿಗೆ “ಇಲ್ಲ” ಎಂದು ಬಂದರೆ, ಎರಡು ಸಾಮಾನುಗಳು ಒಂದೇ ದಿನ ಕೆಟ್ಟವೆಂದು ತಿಳಿಯಬಾರದು. ಎರಡಕ್ಕೂ ಅಪ್ಪಣೆ ಕೊಡುವ ಒಂದೇ ಸ್ಥಳವನ್ನು ನೋಡಬೇಕು. ಇಂಜಿನು ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಚಿಕ್ಕ ಸೆನ್ಸರೊಂದು ಕೆಟ್ಟರೆ, ಇಂಜಿನು ನಿಂತಿದೆಯೆಂದೇ ತಿಳಿದು ಅದು ಕಿಡಿಯನ್ನೂ ಪೆಟ್ರೋಲನ್ನೂ ಕೊಡುವದಿಲ್ಲ. ಕಳ್ಳತನ ತಡೆಯುವ ಏರ್ಪಾಡು ಬೀಗದ ಕೈಯನ್ನು ಗುರುತಿಸದಿದ್ದರೂ ಕಾರು ಚಾಲೂ ಆಗದು.

ಸಾಯಂಕಾಲದೊಳಗೆ ಸೈಲೆನ್ಸರನ್ನು ತೊಳೆದು ಒಣಗಿಸಿ, ಹೊಸ ಗ್ಯಾಸ್ಕೆಟ್ಟು ಹಾಕಿ ಬಿಗಿದೆವು. ಯಜಮಾನರು ಚೀಲದಲ್ಲಿ ತಂದಿದ್ದ ಹಳೆಯ ಕಾರ್ಬೊರೇಟರನ್ನು ಹಾಕಿ ನೋಡಿದೆವು. ಇಂಜಿನು ಅದರಿಂದಲೂ ಚೆನ್ನಾಗಿಯೇ ಓಡಿತು. ಹೊಸದನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಾರನೆಂದು ಯಜಮಾನರು ನಗುತ್ತಲೇ ಹೇಳಿ ಅದನ್ನು ತಿರಿಗಿ ಚೀಲಕ್ಕೆ ಹಾಕಿಕೊಂಡರು. ಮುಂದಿನ ಮಳೆಗಾಲಕ್ಕೆ ಪಂಪನ್ನು ಇಡುವಾಗ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿರಿ ಎಂದೆವು. ಅದು ಕೆಂಪು ಬಟ್ಟೆಯಾಗಿರಲಿ, ಅದರ ತುದಿ ಹೊರಗೆ ಜೋಲಾಡುವಷ್ಟು ಉದ್ದವಿರಲಿ ಎಂದೂ ಹೇಳಿದೆವು. ಯಾಕಂದರೆ ತೆಗೆಯಲು ಮರೆತ ಬಟ್ಟೆಯೂ ಕಣಜದ ಗೂಡೂ ಇಂಜಿನಿಗೆ ಒಂದೇ.